ಸತ್ತವರ ಖಾತೆ, ಬದುಕಿದವಳ ಸಾಲ

ರವಿಕೆಯ ಹೊಲಿಗೆಗೆ ದುಡ್ಡು ಕೊಡಲು ಫೋನನ್ನು ಗೋಡೆಯ ಮೇಲಿನ ಸ್ಕ್ಯಾನರಿಗೆ ಹಿಡಿದೆ. ಪರದೆಯ ಮೇಲೆ ಟೇಲರ್ ಮಾಸ್ಟರರ ಹೆಸರು ಬಂತು, ಪಕ್ಕದಲ್ಲಿ ಅವರ ಸಣ್ಣ ಫೋಟೋ, ಅದರ ಪಕ್ಕ ಹಸಿರು ಗುರುತು. ಮಾಸ್ಟರ್ ತೀರಿಕೊಂಡು ಆಗ ಆರೇಳು ತಿಂಗಳಾಗಿತ್ತು. ಪರೇಲಿನ ಆಸ್ಪತ್ರೆಯಿಂದ ಅವರನ್ನು ತಂದ ದಿನ ಮಳೆಯಲ್ಲಿ ನೆನೆಯುತ್ತ ಇದೇ ಬಾಗಿಲಲ್ಲಿ ನಾನೂ ನಿಂತಿದ್ದೆ. ನಾನು ಅಂಕೆ ಒತ್ತಿದೆ. ಮೇಜಿನ ಮೇಲಿದ್ದ ಡಬ್ಬಿ ಹಣ ಬಂತೆಂದು ಹೆಣ್ಣು ದನಿಯಲ್ಲಿ ಸಾರಿತು. ಯಾರಿಗೆ ಬಂತು ಎಂದು ಮಾತ್ರ ಅದು ಹೇಳಲಿಲ್ಲ.

"ಎಂತ ಮಾರಾಯ್ತಿ ಇದು, ಇನ್ನೂ ಅವರ ಹೆಸರೇ ಬರ್ತದಲ್ಲ?" ಎಂದೆ.

ಅವಳು ಕತ್ತರಿ ಕೆಳಗಿಡದೆ, "ಇರ್ಲಿ ಬಿಡ್ರಿ ಅಕ್ಕಾ. ಗಿರಾಕಿಗೆ ರೂಢಿ ಆಗೇದ," ಎಂದಳು.

ಅವಳು ಮಾಸ್ಟರರ ಹೆಂಡತಿ, ಬಿಜಾಪುರದ ಕಡೆಯವಳು. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ. ನಾನು ಉಡುಪಿಯ ಕಡೆಯವಳು. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಗೇಟಿನ ಪಕ್ಕ ಬೆಳಗ್ಗೆ ಇಡ್ಲಿ, ವಡೆ ಮಾರುತ್ತೇನೆ. ಹನ್ನೊಂದಕ್ಕೆಲ್ಲ ನನ್ನ ಪಾತ್ರೆ ಖಾಲಿ. ಆಮೇಲೆ ಹಿಂದಿನ ಗಲ್ಲಿಯಲ್ಲಿದ್ದ ಅವಳ ಹೊಲಿಗೆಯ ಕೋಣೆಯಲ್ಲಿ ಸ್ವಲ್ಪ ಹೊತ್ತು ಕಾಲು ಚಾಚಿ ಕೂರುವುದು ನನ್ನ ಅಭ್ಯಾಸ. ನಾಲ್ಕು ಮಷೀನು, ನಾಲ್ಕು ಹೆಂಗಸರು, ಒಂದು ಕಟಿಂಗ್ ಮೇಜು. ಅಷ್ಟೇ ಆ ಕೋಣೆ.

ಗಂಡ ಸತ್ತ ಮೇಲೆ ಅವರ ಪದ್ಧತಿಯಂತೆ ಅವಳು ಇದ್ದತ್ ಕೂತಳು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಕೋಣೆಯನ್ನು ಆ ಹೆಂಗಸರೇ ನಡೆಸಿದರು. ಗಿರಾಕಿ ಬಂದರೆ ಗೋಡೆಗೆ ಫೋನು ಹಿಡಿಯುತ್ತಿದ್ದರು, ಹಣ ಮಾಸ್ಟರರ ಖಾತೆಗೆ ಹೋಗುತ್ತಿತ್ತು. ಎಟಿಎಂ ಕಾರ್ಡಿನ ಗುಟ್ಟಿನ ನಂಬರು ಅವಳಿಗೆ ಗೊತ್ತಿತ್ತು. ಅವಳ ತಮ್ಮ ಹೋಗಿ ತೆಗೆದು ತಂದು ದಾರ, ಗುಂಡಿ, ಕೂಲಿ, ಬಾಡಿಗೆ ಎಲ್ಲ ನಿಭಾಯಿಸಿದ. ಬ್ಯಾಂಕಿಗೆ ಹೋಗಿ ಇಂಥವರು ಇಲ್ಲ ಎಂದು ಹೇಳುವುದು ಯಾರ ತಲೆಗೂ ಹೊಳೆಯಲಿಲ್ಲ. ಹೇಳಬೇಕಾದವಳು ಮನೆಯೊಳಗಿದ್ದಳು. ಹೊರಗೆ ಬಂದ ಮೇಲೆ, ನಡೆಯುತ್ತಿರುವುದನ್ನು ಯಾಕೆ ಕೆಡಿಸಬೇಕೆಂದು ಸುಮ್ಮನಾದಳು.

ಸುಮ್ಮನಿರಲು ಆಗದಂತೆ ಮಾಡಿದ್ದು ಶಾಲೆಯ ಯೂನಿಫಾರ್ಮಿನ ಆರ್ಡರು. ಗೋರೆಗಾಂವ್‌ನ ಒಬ್ಬ ಕಂಟ್ರಾಕ್ಟರ್ ಜೂನ್‌ಗೆ ಮುಂಚೆ ಬೇಕಾದ ಶರ್ಟು, ಸ್ಕರ್ಟುಗಳ ಹೊಲಿಗೆ ಕೊಡುತ್ತೇನೆಂದ. ಆದರೆ ಅಂಚು ಬಿಚ್ಚಿಕೊಳ್ಳದಂತೆ ಹೊಲಿಯುವ ಓವರ್‌ಲಾಕ್ ಮಷೀನು ಕೋಣೆಯಲ್ಲೇ ಇರಬೇಕು, ಹೊರಗೆ ಕಳಿಸಿ ಮಾಡಿಸುವಂತಿಲ್ಲ ಎಂದ. ಅವಳ ಹತ್ತಿರ ಇದ್ದದ್ದೆಲ್ಲ ಕಾಲಿನಿಂದ ತುಳಿಯುವ ಹಳೆಯ ಮಷೀನುಗಳು. ಬಿಡಿ ರವಿಕೆಗಳ ದುಡ್ಡು ಬಾಡಿಗೆಗೂ ಸಾಲುತ್ತಿರಲಿಲ್ಲ. ಈ ಆರ್ಡರು ತಪ್ಪಿದರೆ ಕೋಣೆ ಬಿಡಬೇಕು, ನಾಲ್ವರನ್ನು ಮನೆಗೆ ಕಳಿಸಬೇಕು, ತಾನು ಬಿಜಾಪುರದಲ್ಲಿ ಅಣ್ಣನ ಮನೆಯ ಅಡುಗೆಕೋಣೆ ಸೇರಬೇಕು. ಅದನ್ನು ಹೇಳುವಾಗ ಅವಳ ಮುಖ ನೋಡಲು ನನಗೆ ಆಗಲಿಲ್ಲ.

"ಅಕ್ಕಾ, ನಿಮಗ ಬ್ಯಾಂಕಿನವ್ರು ಒತ್ತೆ ಇಲ್ದ ಸಾಲ ಕೊಟ್ಟಾರಲ್ಲ, ನನಗೂ ಕೊಡಸ್ರಿ. ಮೂರು ಲಕ್ಷ ಸಾಕು," ಎಂದಳು.

ನನಗೆ ನಗು ಬಂತು. ಸಾಕಂತೆ! ಹಿಂದೆ ನಾನೂ ಹಾಗೇ ಹೋದವಳು. ಮುದ್ರಾ ಸಾಲಕ್ಕೆ ಚಿನ್ನ ಬೇಡ, ಮನೆಪತ್ರ ಬೇಡ, ಜಾಮೀನು ನಿಲ್ಲುವವರೂ ಬೇಡ ಎಂದು ಕೇಳಿ, ಹಾಗಾದರೆ ಕೇಳಿದಷ್ಟು ಕೊಡುತ್ತಾರೆ ಎಂದುಕೊಂಡಿದ್ದೆ. ಎರಡು ಲಕ್ಷ ಬರೆದುಕೊಟ್ಟೆ. ಐವತ್ತು ಸಾವಿರದ ಮೇಲೆ ಒಂದು ಪೈಸೆ ಕೊಡಲಿಲ್ಲ. ಒತ್ತೆ ಬೇಡ ಅಂದರೆ ವಿಚಾರಣೆ ಬೇಡ ಅಂತಲ್ಲ ಎಂದು ಆಗ ಗೊತ್ತಾಯಿತು. ಆಧಾರ್, ಪ್ಯಾನ್, ತಿಂಡಿ ಮಾರುವವರ ಆಹಾರ ನೋಂದಣಿ, ಬ್ಯಾಂಕಿನ ಆರು ತಿಂಗಳ ಲೆಕ್ಕ, ಕೊಳ್ಳುವ ಸ್ಟೀಮರಿನ ಕೊಟೇಶನ್ ಎಲ್ಲ ಕೇಳಿದರು. ಹಳೆಯ ಸಾಲದ ಕಂತು ಎಲ್ಲಾದರೂ ತಪ್ಪಿದೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕಿದರು. ಕೊನೆಗೆ ದುಡ್ಡು ನನ್ನ ಕೈಗೂ ಬರಲಿಲ್ಲ, ನೇರ ಸ್ಟೀಮರಿನ ಅಂಗಡಿಗೆ ಹೋಯಿತು. ಅದನ್ನು ಸರಿಯಾಗಿ ತೀರಿಸಿದ ಮೇಲೆಯೇ ಎರಡನೆಯ ಸಲ ಹೆಚ್ಚು ಸಿಕ್ಕಿದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಬ್ಯಾಂಕಿನವರು ಹಾಸಿಗೆಯನ್ನೂ ತಾವೇ ಅಳೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಇದನ್ನೆಲ್ಲ ಅವಳಿಗೆ ಹೇಳಿ, ಒಂದು ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋದೆವು. ಸಾಲದ ಅಧಿಕಾರಿ ಕನ್ನಡಕ ಹಾಕಿದ ಮರಾಠಿ ಹೆಂಗಸು. ನನ್ನ ಸಾಲವನ್ನೂ ಅವರೇ ನೋಡಿದವರು. ಮಾತು ಕಡಿಮೆ, ಕೆಲಸ ಚೊಕ್ಕ. ಗೆಳತಿ ಕೊಟ್ಟ ಲೆಕ್ಕದ ಹಾಳೆಗಳನ್ನು ತಿರುವಿಹಾಕಿದರು. ಅವರ ಮುಖ ಸಡಿಲವಾಯಿತು.

"ವ್ಯಾಪಾರ ಚೆನ್ನಾಗಿದೆ. ದಿನಾ ಸ್ವಲ್ಪ ಸ್ವಲ್ಪ ಬರುತ್ತಿದೆ, ಒಂದು ತಿಂಗಳೂ ಬಿಟ್ಟಿಲ್ಲ," ಎಂದು ಹಿಂದಿಯಲ್ಲಿ ಹೇಳಿ, ಹಾಳೆಯ ಮೇಲಿದ್ದ ಮಾಸ್ಟರರ ಹೆಸರಿನ ಮೇಲೆ ಬೆರಳಿಟ್ಟರು. "ಇವರಿಗೆ ಸಾಲ ಕೊಡಬಹುದು. ಇವರನ್ನೇ ಕರೆದುಕೊಂಡು ಬನ್ನಿ."

ಗೆಳತಿ ಬುರ್ಖಾದ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ನಾನು ಕಾದು ಕಾದು, "ಅವರು ಹೋದ ಮಳೆಗಾಲದಲ್ಲೇ ತೀರಿಕೊಂಡಿದ್ದಾರೆ ಮೇಡಂ," ಎಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಕೊನೆಯ ಹಾಳೆ ನೋಡಿದರು. ಅದರಲ್ಲಿ ಹಿಂದಿನ ಸಂಜೆಯವರೆಗೂ ಹಣ ಬಂದಿತ್ತು. ಮಳೆಗಾಲ ಕಳೆದಿತ್ತು, ದೀಪಾವಳಿ, ರಂಜಾನ್ ಕಳೆದಿದ್ದವು. ಆ ಮನುಷ್ಯ ಹಬ್ಬಕ್ಕೆ ಹೆಚ್ಚು, ಹಬ್ಬ ಮುಗಿದ ಮೇಲೆ ಕಡಿಮೆ, ಹೀಗೆ ಎಲ್ಲರಂತೆ ದುಡಿದಿದ್ದ.

"ಹಾಗಾದರೆ ಇದು ಯಾರು?" ಎಂದು ಅವರು ಕೇಳಿದರು. ದನಿ ತಗ್ಗಿತ್ತು. ಎಸಿಯ ತಂಪಿಗೋ ಏನೋ, ನನ್ನ ತೋಳಿನ ಕೂದಲು ನಿಂತಿತು.

ಆಮೇಲೆ ಅವರು ಬೈಯದೆ, ಆದರೆ ಗಟ್ಟಿಯಾಗಿ ವಿವರಿಸಿದರು. ಸತ್ತವರ ಕಾರ್ಡಿನಿಂದ ಹಣ ತೆಗೆಯುವುದು ತಪ್ಪು, ಇವತ್ತೇ ನಿಲ್ಲಿಸಬೇಕು. ಮರಣ ಪ್ರಮಾಣಪತ್ರ ತಂದುಕೊಟ್ಟು ಖಾತೆ ಮುಚ್ಚಿಸಬೇಕು. ನಾಮಿನಿ ಅವಳೇ ಇರುವುದರಿಂದ ಉಳಿದ ಹಣ ಅವಳಿಗೆ ಬರುತ್ತದೆ. ಸಾವಿನ ನಂತರ ಬಂದ ಹಣ ಅಂಗಡಿಯದ್ದೆಂದು ಬರೆದುಕೊಡಬೇಕು. ಅವಳ ಹೆಸರಲ್ಲಿ ಖಾತೆ, ಅವಳ ಹೆಸರಲ್ಲಿ ಸ್ಕ್ಯಾನರ್. ಸಣ್ಣ ವ್ಯಾಪಾರಿಗಳ ಉದ್ಯಮ್ ನೋಂದಣಿಯು ಆಧಾರ್, ಪ್ಯಾನ್ ಇದ್ದರೆ ಪುಕ್ಕಟೆ ಆಗುತ್ತದೆ, ಯಾರಿಗೂ ದುಡ್ಡು ಕೊಡಬಾರದು. ಮುಂಬಯಿಯಲ್ಲಿ ಗುಮಾಸ್ತಾ ಎನ್ನುವ ಅಂಗಡಿಯ ಕಾಗದ, ಕೋಣೆಯ ಬಾಡಿಗೆ ಕರಾರು, ಇವೆಲ್ಲ ಮಾಸ್ಟರರ ಹೆಸರಲ್ಲಿದ್ದವು. ಅವನ್ನೂ ಅವಳ ಹೆಸರಿಗೆ ಮಾಡಿಸಬೇಕು.

"ಆಮೇಲೆ ಮೂರು ಲಕ್ಷ ಸಿಗ್ತದ?" ಎಂದು ಅವಳು ನನ್ನ ಕಿವಿಯಲ್ಲಿ ಕೇಳಿದಳು. ನಾನು ಹಿಂದಿಯಲ್ಲಿ ದಾಟಿಸಿದೆ.

"ಇಲ್ಲ. ನಮ್ಮ ದೃಷ್ಟಿಯಲ್ಲಿ ನಿಮ್ಮ ವ್ಯಾಪಾರ ಇವತ್ತು ಶುರುವಾಗುತ್ತದೆ," ಎಂದರು ಅಧಿಕಾರಿ. "ಹೊಸ ವ್ಯಾಪಾರಕ್ಕೆ ಮುದ್ರಾದಲ್ಲಿ ಶಿಶು ಎನ್ನುವ ಸಣ್ಣ ಸಾಲ, ಐವತ್ತು ಸಾವಿರದವರೆಗೆ. ನಾನು ಬಂದು ಜಾಗ ನೋಡಿ, ಸರಿ ಅನ್ನಿಸಿದರೆ ಮಾತ್ರ. ನಿಮ್ಮ ಹೆಸರಲ್ಲಿ ಆರು ತಿಂಗಳು, ಒಂದು ವರ್ಷ ನಡೆಸಿ, ಕಂತು ಕಟ್ಟಿ ಬನ್ನಿ. ಆಗ ಹೆಚ್ಚಿನದು ಕೇಳಿ."

ಇಪ್ಪತ್ತು ವರ್ಷ ಗಂಡನ ಪಕ್ಕದಲ್ಲೇ ಕೂತು ಕಾಜ ಹೊಲಿದವಳ ವ್ಯಾಪಾರ ಇವತ್ತು ಶುರುವಂತೆ! ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿ ಪ್ರಯೋಜನವೇನು, ಹಾಳೆಯ ಮೇಲೆ ಅವಳು ಎಲ್ಲೂ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಒಂದೊಂದೇ ಕೆಲಸ ಮಾಡಿದಳು. ಕೋಣೆಯ ಮಾಲೀಕನ ಕಾಲು ಹಿಡಿದು ಕರಾರು ಬದಲಿಸಿದಳು. ನೋಂದಣಿ ಮಾಡಿಸಿದಳು. ಓವರ್‌ಲಾಕಿಗೊಂದು, ಕರೆಂಟಿನ ಹೊಲಿಗೆ ಮಷೀನಿಗೊಂದು ಕೊಟೇಶನ್ ತಂದಳು, ಎರಡೂ ಸೇರಿ ಐವತ್ತು ಸಾವಿರದೊಳಗೆ ಇದ್ದವು. ಮರಣ ಪ್ರಮಾಣಪತ್ರವೂ ಕೈಯಲ್ಲಿತ್ತು. ಅದನ್ನು ಬ್ಯಾಂಕಿಗೆ ಕೊಡುವುದೊಂದನ್ನು ಮಾತ್ರ ನಾಳೆ, ನಾಡಿದ್ದು ಎಂದು ಮುಂದೂಡುತ್ತಿದ್ದಳು. ಗೋಡೆಯ ಮೇಲೆ ಮಾಸ್ಟರ್ ಹಾಗೇ ಇದ್ದರು. ಡಬ್ಬಿ ಮಾತಾಡುತ್ತಲೇ ಇತ್ತು. ಈಗ ಅದು ಬಾಯಿ ತೆರೆದಾಗಲೆಲ್ಲ ನನಗೆ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗೆ ಆಗುತ್ತಿತ್ತು.

ಒಂದು ಮಧ್ಯಾಹ್ನ ನಾನು ಹೋದಾಗ ಹೆಂಗಸರು ಊಟಕ್ಕೆ ಹೋಗಿದ್ದರು. ಅವಳು ಒಬ್ಬಳೇ ಮಾಸ್ಟರರ ಫೋನು ಹಿಡಿದು ಕೂತಿದ್ದಳು. ಅದನ್ನು ಅವಳು ದಿನಾ ಚಾರ್ಜು ಮಾಡುತ್ತಾಳೆಂದು, ರೀಚಾರ್ಜೂ ಮಾಡಿಸುತ್ತಾಳೆಂದು ನನಗೆ ಅವತ್ತೇ ಗೊತ್ತಾದದ್ದು.

"ನೋಡ್ರಿ ಅಕ್ಕಾ, ಇವ್ರಿಗೆ ಸಾಲ ಕೊಡ್ತಾರಂತ," ಎಂದಳು.

ಹಣ ಕಳಿಸುವ ಆ ಆ್ಯಪಿನಲ್ಲಿ ಒಂದು ಸಂದೇಶ ಬಂದಿತ್ತು. ಅಭಿನಂದನೆ, ನಿಮ್ಮ ವ್ಯಾಪಾರ ನೋಡಿ ಎರಡು ಲಕ್ಷದ ಸಾಲ ಮಂಜೂರಾಗಿದೆ, ಒತ್ತೆ ಬೇಡ, ಕಾಗದಪತ್ರ ಬೇಡ, ಇಲ್ಲಿ ಒತ್ತಿ ಎಂದಿತ್ತು. ಮೇಲೆ ಮಾಸ್ಟರರ ಹೆಸರು, 'ಪ್ರಿಯ' ಎಂದು ಸೇರಿಸಿ. ಬದುಕಿ ಎದುರಿಗೆ ಕೂತವಳಿಗೆ ಐವತ್ತು ಸಾವಿರ, ಅದೂ ನೋಡಿ ಕೊಡೋಣ ಎಂದು. ಮಣ್ಣಲ್ಲಿ ಮಲಗಿದವರಿಗೆ ಕೇಳದೆಯೇ ಎರಡು ಲಕ್ಷ. ಅವಳು ಆಗಲೇ ಒತ್ತಿಯಾಗಿತ್ತು.

"ಎರಡು ಲಕ್ಷ ಆದ್ರ ಆರ್ಡರ್ ಪೂರಾ ಮಾಡಬಹುದು. ನಾನೇ ಕಟ್ತೀನಲ್ರಿ, ಮೋಸ ಏನದ ಇದ್ರಾಗ?"

"ಬೇಡ ಮಾರಾಯ್ತಿ. ಇದು ಜೈಲಿಗೆ ಹೋಗುವ ಕೆಲಸ. ಬಿಡು ಅದನ್ನು."

ಅವಳು ಬಿಡಲಿಲ್ಲ. ಮುಂದೆ, ಮುಂದೆ ಎಂದು ಒತ್ತುತ್ತ ಹೋದಳು. ಒಟಿಪಿ ಬಂತು, ಅದೇ ಫೋನಿಗೆ. ಹಾಕಿದಳು. ಆಗ ಪರದೆಯ ಮೇಲೆ ಒಂದು ದುಂಡು ಗೆರೆ ಮೂಡಿತು. ಕೆಳಗೆ ಹಿಂದಿಯಲ್ಲಿ ಬರೆದಿತ್ತು: ನಿಮ್ಮ ಮುಖವನ್ನು ಈ ಗೆರೆಯೊಳಗೆ ತನ್ನಿ. ಕಣ್ಣು ಮಿಟುಕಿಸಿ.

ಆ ದುಂಡಿನೊಳಗೆ ಕಂಡದ್ದು ಅವಳ ಮುಖ. ಪಕ್ಕದಿಂದ ನನ್ನ ಅರ್ಧ ಮುಖ. ಹಿಂದೆ ಗೋಡೆ, ಮಾಸ್ಟರ್ ಕೂರುತ್ತಿದ್ದ ಖಾಲಿ ಸ್ಟೂಲು. ಫೋನು ಕಾಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮುಖ ಹೊಂದುತ್ತಿಲ್ಲ, ಮತ್ತೆ ಪ್ರಯತ್ನಿಸಿ ಎಂದಿತು. ಮತ್ತೆ ಕಣ್ಣು ಮಿಟುಕಿಸಲು ಹೇಳಿತು. ಯಾರಿಗೆ ಹೇಳುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ಹಿಂದೆ ತಿರುಗಿ ಆ ಸ್ಟೂಲನ್ನು ನೋಡುವ ಧೈರ್ಯ ಆಗಲಿಲ್ಲ. ನಡು ಮಧ್ಯಾಹ್ನ, ಹೊರಗೆ ಮೀನಿನವಳು ಕೂಗುತ್ತಿದ್ದಳು. ಆದರೂ ಆಗಲಿಲ್ಲ.

ಅವಳು ಫೋನನ್ನು ಬಟ್ಟೆಯ ರಾಶಿಯ ಮೇಲೆ ಕವುಚಿ ಹಾಕಿದಳು.

"ಅಕ್ಕಾ, ಮೈಯತ್ ಖಬರಸ್ತಾನಕ್ಕ ಎತ್ತೂ ಮುಂಚೆ ನನ್ನ ತಮ್ಮ ಮಂದಿ ಮುಂದ ನಿಂತು ಹೇಳಿದ್ದ. ಇವ್ರು ಯಾರಿಗರ ಕೊಡೂದಿದ್ರ ಹೇಳ್ರಿ, ನಾವು ಕೊಡ್ತೀವಿ ಅಂತ. ಸಾಲ ಇದ್ರ ರೂಹ್‌ಗೆ, ಆತ್ಮಕ್ಕ, ಬಿಡುಗಡೆ ಆಗೂದಿಲ್ಲಂತ ನಮ್ಮಾಗ. ಗುಂಡಿ ಅಂಗಡಿಯಂವ ಒಬ್ಬ ಬಂದ, ಅವಂದೂ ತೀರಿಸಿದ್ವಿ. ಒಂದು ಪೈಸಾ ಭಾರ ಇಲ್ದ ಕಳಿಸೀನಿ ಅವ್ರನ್ನ." ಅವಳು ಅಳುತ್ತಿರಲಿಲ್ಲ. ಅಳುವುದಕ್ಕಿಂತ ಕೆಟ್ಟದಾಗಿತ್ತು ಅವಳ ದನಿ. "ಈಗ ನಾನೇ ಅವ್ರ ಎದಿ ಮ್ಯಾಲ ಎರಡು ಲಕ್ಷ ಇಡಾಕ ಹೊಂಟಿದ್ನಲ್ಲ."

ನಾನು ಅವಳ ತಲೆ ಸವರಿದೆ. ಕವುಚಿಬಿದ್ದ ಫೋನಿನ ಅಂಚಿನಿಂದ ಬೆಳಕು ಇನ್ನೂ ಬರುತ್ತಿತ್ತು. ಅದು ಆರುವವರೆಗೂ ನಾನು ಅವಳ ಪಕ್ಕದಲ್ಲೇ ಕೂತಿದ್ದೆ.

ಮರುದಿನವೇ ಅವಳು ಮರಣ ಪ್ರಮಾಣಪತ್ರ ಕೊಟ್ಟು ಬಂದಳು. ಹಳೆಯ ಸ್ಕ್ಯಾನರನ್ನು ಗೋಡೆಯಿಂದ ಕಿತ್ತಾಗ ಅಷ್ಟು ಜಾಗದ ಬಣ್ಣವೂ ಕಿತ್ತು ಬಂತು. ಹೊಸದು ಬರುವವರೆಗೆ ಕೋಣೆಗೆ ದನಿ ಇರಲಿಲ್ಲ. ಸಾಲದ ಅರ್ಜಿ ಅವಳ ಹೆಸರಲ್ಲಿ ಹೋಯಿತು: ಐವತ್ತು ಸಾವಿರ, ಎರಡು ಮಷೀನು. ಕಂಟ್ರಾಕ್ಟರನಿಗೆ ನಿಜ ಹೇಳಿದಳು. ಅವನು ಗೊಣಗಿ, ಓವರ್‌ಲಾಕ್ ಬಂದರೆ ಸ್ಕರ್ಟುಗಳನ್ನಷ್ಟೇ ಕೊಡುತ್ತೇನೆ, ಶರ್ಟು ಬೇರೆಯವರಿಗೆ ಎಂದ. ಅದಕ್ಕೂ ಒಂದು ವಾರದ ಗಡುವು. ಕೋಣೆ ಉಳಿಯಲು ಅಷ್ಟು ಸಾಕಿತ್ತು. ಇನ್ನು ಉಳಿದಿದ್ದು ಅಧಿಕಾರಿ ಬಂದು ನೋಡಿ ಹೋಗುವುದು.

ಅವರು ಹೇಳದೆ ಬಂದರು. ಹಾಗೆ ಬರುವುದೇ ಅವರ ರೀತಿ. ನಾನು ಇಡ್ಲಿ ಪಾತ್ರೆ ತೊಳೆಯುತ್ತಿದ್ದೆ. ಫೈಲು ಹಿಡಿದು ದಾರಿ ಕೇಳಿದರು. ಕೈ ಸೆರಗಿಗೆ ಒರೆಸಿಕೊಂಡು ನಾನೇ ಕರೆದುಕೊಂಡು ಹೋದೆ. ಕೋಣೆಯ ಷಟರು ಅರ್ಧ ಇಳಿದಿತ್ತು, ಒಳಗೆ ಮಷೀನು ಓಡುವ ಸದ್ದು. ನಾನು ಕರೆದೆ. ಸದ್ದು ನಿಂತಿತು. ಹೆಂಗಸರಲ್ಲಿ ಹಿರಿಯಳು ಬಗ್ಗಿ ಹೊರಗೆ ಬಂದಳು. ಫೈಲು ಹಿಡಿದ ಅಪರಿಚಿತೆಯನ್ನು ಕಂಡವಳೇ, ನನ್ನ ಕಡೆ ನೋಡದೆ, ಒಂದೇ ಉಸಿರಿನಲ್ಲಿ ಹೇಳಿದಳು:

"ಮಾಸ್ಟರ್ ಅಭೀ ಬಾಹರ್ ಗಯೇ ಹೈಂ. ಶಾಮ್ ಕೋ ಆಯೇಂಗೇ."

ಮಾಸ್ಟರ್ ಈಗಷ್ಟೇ ಹೊರಗೆ ಹೋದರು, ಸಂಜೆ ಬರುತ್ತಾರೆ. ಅಧಿಕಾರಿ ಬಗ್ಗಿ ಒಳಗೆ ಹೋದರು, ಹಿಂದೆಯೇ ನಾನು. ಬಾಗಿಲ ಪಕ್ಕ ಗಂಡಸಿನ ಚಪ್ಪಲಿ ಜೋಡಿ, ಈಗ ತಾನೇ ಬಿಟ್ಟ ಹಾಗೆ ಒಂದು ಸ್ವಲ್ಪ ಹಿಂದೆ, ಒಂದು ಮುಂದೆ. ಕಟಿಂಗ್ ಮೇಜಿನ ಮೇಲೆ ಓದುವ ಕನ್ನಡಕ. ಅದರ ಪಕ್ಕ ತುಂಬಿದ ಒಂದು ಲೋಟ ಚಹಾ. ಚಹಾದಿಂದ ಹಬೆ ಏಳುತ್ತಿತ್ತು.

ದಿನಾ ಬರುವವಳು ನಾನು. ಆ ಚಪ್ಪಲಿ, ಕನ್ನಡಕ, ಚಹಾ ಎಲ್ಲ ನೋಡಿದ್ದೆ. ಪಾಪ, ದುಃಖ ಎಂದುಕೊಂಡು ಕೇಳಿರಲಿಲ್ಲ. ಅಪರಿಚಿತರ ಕಣ್ಣಿನಿಂದ ನೋಡಿದ್ದು ಅವತ್ತೇ. ಈ ಕೋಣೆಯಲ್ಲಿ ಒಬ್ಬ ಗಂಡಸು ಇದ್ದ. ಈಗ ತಾನೇ ಎದ್ದು ಹೋಗಿದ್ದ.

"ಮಾಸ್ಟರ್ ಯಾರು?" ಎಂದು ಅಧಿಕಾರಿ ನನ್ನನ್ನು ಕೇಳಿದರು. "ಮಾಲೀಕರು ಹೆಂಗಸು, ಗಂಡ ಇಲ್ಲ ಎಂದು ನನ್ನ ಕೈಗೆ ಮರಣ ಪ್ರಮಾಣಪತ್ರ ಕೊಟ್ಟಿದ್ದೀರಿ. ಇದನ್ನು ನಡೆಸುತ್ತಿರುವವರು ಯಾರು? ಯಾರಿಗೋಸ್ಕರ ಅವಳ ಹೆಸರಲ್ಲಿ ಸಾಲ ತೆಗೆಯುತ್ತಿದ್ದೀರಿ?" ಪೆನ್ನಿನ ಮುಚ್ಚಳ ಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ನಾನು ಏನೇನೋ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ನಾನು ಹೊರಗಿನವಳು, ನನ್ನ ಮಾತು ಯಾವ ಲೆಕ್ಕಕ್ಕೆ?

ಆಗ ಜೆರಾಕ್ಸ್ ಮಾಡಿಸಲು ಹೋಗಿದ್ದ ಗೆಳತಿ ಷಟರಿನಡಿ ಬಗ್ಗಿ ಬಂದಳು. ಅಧಿಕಾರಿಯನ್ನು ನೋಡಿದಳು, ಹಿರಿಯಳ ಮುಖ ನೋಡಿದಳು. ಏನಾಗಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ಗಂಡ ಸತ್ತ ವಾರವೇ ಇದೇ ಷಟರನ್ನು ಕುಡುಕರು ಬಡಿದಿದ್ದರು. ಬರೀ ಹೆಂಗಸರೇ ಇದ್ದಾರೆ ಎಂದು ಗೊತ್ತಾಗಿ, ಕೋಣೆ ಖಾಲಿ ಮಾಡಿಸುವ ದಲ್ಲಾಳಿಯೂ ಬಂದು ಕೂತಿದ್ದ. ಇದ್ದತ್ತಿನಲ್ಲಿ ಮನೆಯೊಳಗೆ ಕೂತೇ ಅವಳು ಹೇಳಿ ಕಳಿಸಿದ್ದಳು: ಗುರುತಿಲ್ಲದವರು ಯಾರೇ ಬಂದರೂ ಮಾಸ್ಟರ್ ಈಗ ಹೊರಗೆ ಹೋದರು ಎನ್ನಿ. ಚಪ್ಪಲಿ ಅಲ್ಲೇ ಇಡಿ. ಮೇಜಿನ ಮೇಲಿನ ಚಹಾ ಆರದಂತೆ ನೋಡಿಕೊಳ್ಳಿ. ಅವರು ನೋಡಿಕೊಂಡಿದ್ದರು. ಅವಳು ಮರಳಿ ಬಂದ ಮೇಲೂ ನಿಲ್ಲಿಸಿ ಎಂದು ಅವಳು ಹೇಳಲಿಲ್ಲ, ಅವರು ಕೇಳಲಿಲ್ಲ. ಇದನ್ನೆಲ್ಲ ಅವಳು ಅಧಿಕಾರಿಗೆ ಹಿಂದಿಯಲ್ಲಿ, ತಡವರಿಸದೆ, ತಲೆ ಎತ್ತಿ ಹೇಳಿದಳು.

ಅಧಿಕಾರಿ ಚಹಾದ ಲೋಟ ನೋಡುತ್ತ ನಿಂತಿದ್ದರು. "ಸರಿ. ಆದರೆ ಈ ಅಂಗಡಿಯ ಮಾಲೀಕರು ಯಾರು ಎಂದು ಕೇಳಿದರೆ ಇಲ್ಲಿರುವ ಎಲ್ಲರೂ ಒಂದೇ ಉತ್ತರ ಕೊಡಬೇಕು," ಎಂದರು. "ಇವರ ಮುಂದೆ ಹೇಳಿ."

ನಾಲ್ವರು ಹೆಂಗಸರೂ ಅವಳನ್ನೇ ನೋಡುತ್ತಿದ್ದರು. ಹೇಳಬೇಡ ಎನ್ನುವಂತಿತ್ತು ಆ ನೋಟ. ನಾನೂ ಹಾಗೇ ನೋಡುತ್ತಿದ್ದೆನೇನೋ.

"ಮಾಸ್ಟರ್ ನೈ ಹೈಂ," ಎಂದಳು ಅವಳು. "ಬಾಹರ್ ನೈ ಗಯೇ. ಮರ್ ಗಯೇ. ಮಾಲಿಕ್ ಮೈಂ ಹೂಂ."

ಮಾಸ್ಟರ್ ಇಲ್ಲ, ಹೊರಗೆ ಹೋಗಿಲ್ಲ, ಸತ್ತುಹೋದರು, ಮಾಲೀಕಳು ನಾನು. ಹಿರಿಯಳು ಬಾಯಿಗೆ ಸೆರಗು ಒತ್ತಿಕೊಂಡಳು. ಮಿಕ್ಕವರು ಒಬ್ಬೊಬ್ಬರಾಗಿ ಅಳತೊಡಗಿದರು. ಮಾಸ್ಟರ್ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ. ಆಗ ಅವರಿಗೆ ಷಟರು ಕಾಯುವ ಕೆಲಸವಿತ್ತು.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಬರೆದರು. ಜಾಗದ ಫೋಟೋ ತೆಗೆಯಬೇಕು, ಮಾಲೀಕರು ಕೆಲಸದ ಜಾಗದಲ್ಲಿ ಇರಬೇಕು ಎಂದರು. ಅವಳು ಹೋಗಿ ಮಾಸ್ಟರರ ಸ್ಟೂಲಿನ ಮೇಲೆ ಕೂತಳು. ಮೇಜಿನ ಮೇಲಿನ ಚಹಾ ಎತ್ತಿಕೊಂಡು, ಎಲ್ಲರೂ ನೋಡುತ್ತಿದ್ದ ಹಾಗೇ ಪೂರ್ತಿ ಕುಡಿದು, ಖಾಲಿ ಲೋಟ ಕೆಳಗಿಟ್ಟಳು. ಆಮೇಲೆ ಫೋಟೋ ತೆಗೆಸಿಕೊಂಡಳು.